ಯಾವ ಲಾಟ್ ಮಾರಿದೆ ಅಂತ ಬರೆದಿಟ್ಟಿದ್ದೀಯಾ?

ಹೋದ ವಾರ ಬ್ಯಾಡಗಿಯಿಂದ ಅಕ್ಕನ ಮಗ ಹುಬ್ಬಳ್ಳಿಗೆ ಬಂದಿದ್ದ. ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಾನೆ. ಅದರ ಮಧ್ಯೆ ಈಥರ್ ಅನ್ನುವ ಕ್ರಿಪ್ಟೋ ಕಾಯಿನ್ ಒಂದಿಷ್ಟು ಕೊಂಡಿದ್ದ, 2025ರಲ್ಲಿ ಮಾರಿದ್ದ. ನಾನು ಇಪ್ಪತ್ತು ವರ್ಷದಿಂದ ಜನರ ರಿಟರ್ನ್ ತುಂಬಿಕೊಡುತ್ತಿದ್ದೇನೆ. ಹಾಗಾಗಿ ಅವನ ಲೆಕ್ಕವೂ ನನ್ನ ಟೇಬಲ್ಲಿಗೆ ಬಂತು. ಲೆಕ್ಕ ತೋರಿಸಿದಾಗ ಅವನ ಮುಖ ಇಳಿದುಹೋಯಿತು.

"ಮಾಮಾ, ನಂಗ ಒಟ್ಟ ಉಳದಿದ್ದ ಎಂಬತ್ತ ಸಾವಿರ. ನೀ ನೋಡಿದ್ರ ಒಂದ ಲಕ್ಷ ನಲವತ್ತ ಸಾವಿರಕ್ಕ ಟ್ಯಾಕ್ಸ್ ಹಾಕಾಕತ್ತಿ. ಹೆಂಗ?"

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಕ್ರಿಪ್ಟೋ ಇಟ್ಟುಕೊಂಡಿರುವ ಎಷ್ಟೋ ಹುಡುಗರಿಗೆ ಈ ವಿಷಯ ಗೊತ್ತಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅವನು ಕೊಂಡಿದ್ದು ಎರಡು ಸಲ. 2021ರ ನವೆಂಬರಿನಲ್ಲಿ ಅರ್ಧ ಈಥರ್, 1,70,000 ರೂಪಾಯಿ ಕೊಟ್ಟು. ಆಮೇಲೆ ರೇಟು ಬಿದ್ದಾಗ, 2022ರ ಜುಲೈನಲ್ಲಿ ಇನ್ನರ್ಧ, 50,000ಕ್ಕೆ. ಒಟ್ಟು ಒಂದು ಈಥರ್, ಹಾಕಿದ ದುಡ್ಡು 2,20,000. ಮಾರಿದ್ದೂ ಎರಡು ಸಲ. 2025ರ ಜೂನ್‌ನಲ್ಲಿ ಅರ್ಧ ಮಾರಿ 1,10,000 ತಗೊಂಡ. ಆಗಸ್ಟ್‌ನಲ್ಲಿ ಉಳಿದರ್ಧ ಮಾರಿ 1,90,000 ತಗೊಂಡ. ಬಂದಿದ್ದು 3,00,000, ಹಾಕಿದ್ದು 2,20,000. ಲಾಭ ಎಂಬತ್ತು ಸಾವಿರ. ಅವನ ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಜೂನ್‌ನಲ್ಲಿ ಅವನು ಮಾರಿದ್ದು ಯಾವ ಅರ್ಧ?

ಮೆಣಸಿನಕಾಯಿಯ ಭಾಷೆಯಲ್ಲೇ ಹೇಳಿದೆ. ಕೋಲ್ಡ್ ಸ್ಟೋರೇಜಿನಲ್ಲಿ ನಿಮ್ಮ ಎರಡು ಲಾಟ್ ಇದೆ. ಒಂದು ದುಬಾರಿಗೆ ಕೊಂಡಿದ್ದು, ಇನ್ನೊಂದು ಅಗ್ಗಕ್ಕೆ ಕೊಂಡಿದ್ದು. ಇವತ್ತು ಐವತ್ತು ಚೀಲ ಹೊರಗೆ ತೆಗೆದರೆ ಅದು ಯಾವ ಲಾಟಿನದು ಅಂತ ಚೀಟಿ ನೋಡಿ ಹೇಳಬಹುದು. ಕಾಯಿನ್‌ಗೆ ಚೀಟಿ ಇರುವುದಿಲ್ಲ. ಅಕೌಂಟಿನಲ್ಲಿ ಎಲ್ಲ ಬೆರೆತು ಒಂದೇ ರಾಶಿ. ಅದಕ್ಕೇ ಯಾವ ಲಾಟ್ ಮೊದಲು ಹೋಯಿತು ಅಂತ ಒಂದು ನಿಯಮ ಇಟ್ಟುಕೊಂಡು ಲೆಕ್ಕ ಹಾಕಬೇಕು.

ಮೊದಲು ಕೊಂಡಿದ್ದೇ ಮೊದಲು ಹೋಯಿತು ಅನ್ನುವುದು ಫಿಫೋ. ಹಾಗೆ ಹಿಡಿದರೆ ಜೂನ್‌ನಲ್ಲಿ ಹೋಗಿದ್ದು 1,70,000ದ ಲಾಟ್. ಅರವತ್ತು ಸಾವಿರ ನಷ್ಟ. ಆಗಸ್ಟ್‌ನಲ್ಲಿ ಹೋಗಿದ್ದು 50,000ದ ಲಾಟ್. ಒಂದು ಲಕ್ಷ ನಲವತ್ತು ಸಾವಿರ ಲಾಭ. ಬೇರೆ ವ್ಯಾಪಾರದಲ್ಲಾದರೆ ಒಂದರಲ್ಲಿ ಇನ್ನೊಂದನ್ನು ಕಳೆದು ಎಂಬತ್ತು ಸಾವಿರಕ್ಕೆ ತೆರಿಗೆ ಕಟ್ಟಿ ಮುಗಿಸುತ್ತೀರಿ. ಕ್ರಿಪ್ಟೋದಲ್ಲಿ ಹಾಗೆ ಕಳೆಯುವಂತಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ 115BBH ಸೆಕ್ಷನ್ ಪ್ರಕಾರ ಕ್ರಿಪ್ಟೋ ಮಾರಿದ ಲಾಭಕ್ಕೆ ನೇರ ಶೇಕಡಾ 30. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚೂ ಕಳೆಯುವ ಹಾಗಿಲ್ಲ, ಮಾರುವಾಗ ಎಕ್ಸ್‌ಚೇಂಜ್ ಹಿಡಿದುಕೊಂಡ ಫೀ ಕೂಡ. ನಷ್ಟವನ್ನು ಯಾವ ಆದಾಯದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ರಿಟರ್ನ್‌ನಲ್ಲಿ ಕ್ರಿಪ್ಟೋ ವಿವರ ತುಂಬುವ Schedule VDA ಟೇಬಲ್‌ನಲ್ಲಿ ನಷ್ಟದ ಸಾಲಿಗೆ ಬರುವುದು ಸೊನ್ನೆ ಮಾತ್ರ. ಅವನ ಅರವತ್ತು ಸಾವಿರ ಅಲ್ಲೇ ಸತ್ತುಹೋಯಿತು.

ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್. ಒಂದು ಲಕ್ಷ ನಲವತ್ತು ಸಾವಿರಕ್ಕೆ 43,680 ರೂಪಾಯಿ.

ಈಗ ಅದೇ ವ್ಯವಹಾರವನ್ನು ಸರಾಸರಿ ಬೆಲೆಯಲ್ಲಿ ನೋಡಿ. ಎರಡು ಲಾಟ್ ಬೆರೆಸಿದರೆ ಅರ್ಧ ಈಥರಿಗೆ 1,10,000 ಬೀಳುತ್ತದೆ. ಜೂನ್‌ನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಗಸ್ಟ್‌ನಲ್ಲಿ ಎಂಬತ್ತು ಸಾವಿರ ಲಾಭ. ತೆರಿಗೆ 24,960. ಕೊನೆಗೆ ಕೊಂಡಿದ್ದು ಮೊದಲು ಹೋಯಿತು ಅಂತ ಹಿಡಿದರೆ ಜೂನ್‌ನಲ್ಲಿ ಅರವತ್ತು ಸಾವಿರ, ಆಗಸ್ಟ್‌ನಲ್ಲಿ ಇಪ್ಪತ್ತು ಸಾವಿರ ಲಾಭ. ಅಲ್ಲೂ 24,960ನೇ. ಫಿಫೋದಲ್ಲಿ ಜಾಸ್ತಿಯಾದ 18,720 ಎಲ್ಲಿಂದ ಬಂತು? ಸತ್ತ ಅರವತ್ತು ಸಾವಿರದ ಶೇಕಡಾ 31.2 ಎಷ್ಟಾಗುತ್ತದೆ ನೋಡಿ, ಸರಿಯಾಗಿ ಅಷ್ಟೇ.

ನಷ್ಟ ಕಳೆಯಲು ಬಿಡುವ ಕಡೆ ವಿಧಾನ ಯಾವುದಾದರೂ ಒಟ್ಟು ಲಾಭ ಒಂದೇ ಇರುತ್ತದೆ. ತೆರಿಗೆ ಒಂದು ವರ್ಷ ಹಿಂದೆ ಮುಂದೆ ಆಗಬಹುದು ಅಷ್ಟೇ. ನಮ್ಮಲ್ಲಿ ಹಾಗಲ್ಲ. ಒಮ್ಮೆ ನಷ್ಟದ ಸಾಲಿಗೆ ಬಿದ್ದ ದುಡ್ಡು ಮತ್ತೆ ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ. ಜೂನ್‌ನಲ್ಲೇ ಅವನು ಪೂರ್ತಿ ಈಥರ್ ಅದೇ ರೇಟಿಗೆ ಮಾರಿದ್ದರೆ ಹಾಕಿದ 2,20,000 ಅಷ್ಟಕ್ಕಷ್ಟೇ ವಾಪಸ್ ಬರುತ್ತಿತ್ತು. ಒಂದು ಪೈಸೆ ಲಾಭ ಇಲ್ಲ. ಆದರೂ ಫಿಫೋ ಲೆಕ್ಕದಲ್ಲಿ ಎರಡನೇ ಲಾಟಿನ ಅರವತ್ತು ಸಾವಿರಕ್ಕೆ 18,720 ಕಟ್ಟಬೇಕಾಗುತ್ತಿತ್ತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಒಂದೇ ಕಾಯಿನ್, ಒಂದೇ ದಿನದ ಮಾರಾಟ, ಅಷ್ಟಾದರೂ ಕೂಡಿಸಿ ಕಳೆಯಲು ಬಿಡಬೇಕಿತ್ತು.

"ಹಂಗಾರ ಸರಾಸರಿ ಹಾಕು ಮಾಮಾ" ಅಂದ. ನಾನು ಒಪ್ಪಲಿಲ್ಲ. ಡಿಮ್ಯಾಟ್ ಷೇರುಗಳಿಗೆ ಫಿಫೋ ಅಂತ ಕಾನೂನಿನಲ್ಲೇ ಇದೆ. ಕ್ರಿಪ್ಟೋಗೆ ಇದೇ ವಿಧಾನ ಅಂತ ಆ ಸೆಕ್ಷನ್‌ನಲ್ಲಿ ಬರೆದಿಲ್ಲ. ಆದರೆ ಟೇಬಲ್‌ನ ಪ್ರತಿ ಸಾಲಿನಲ್ಲೂ ಕೊಂಡ ತಾರೀಕು ಕೇಳುತ್ತಾರೆ. ಸರಾಸರಿಗೆ ಯಾವ ತಾರೀಕು ಬರೆಯುತ್ತೀರಿ? ಅದೂ ಅಲ್ಲದೆ ಮಾರಿದ ಮೇಲೆ ತೆರಿಗೆ ಎಲ್ಲಿ ಕಡಿಮೆ ಅಂತ ನೋಡಿ ವಿಧಾನ ಆರಿಸಿಕೊಂಡರೆ, ನಾಳೆ ನೋಟಿಸ್ ಬಂದಾಗ ಏನು ಉತ್ತರ ಕೊಡುವುದು? ಒಂದು ವಿಧಾನ ಹಿಡಿದರೆ ಎಲ್ಲ ಕಾಯಿನ್‌ಗೂ, ಎಲ್ಲ ವರ್ಷಕ್ಕೂ ಅದನ್ನೇ ಹಿಡಿಯಬೇಕು. ನಾನು ಫಿಫೋ ಹಿಡಿಯುತ್ತೇನೆ. ಅವನು ಮಾರುವ ಮುಂಚೆ ಒಂದು ಫೋನ್ ಮಾಡಿದ್ದರೆ, ಜೂನ್‌ನಲ್ಲಿ ಹೋಗುವುದು ದುಬಾರಿ ಲಾಟ್ ಅಂತ ಹೇಳುತ್ತಿದ್ದೆ. ಆ ದುಡ್ಡು ಅವನಿಗೆ ತುರ್ತಾಗಿಯೂ ಬೇಕಿರಲಿಲ್ಲ.

ಲೆಕ್ಕಕ್ಕಿಂತ ಕಷ್ಟವಾಗಿದ್ದು 2021ರ ಖರೀದಿಗೆ ದಾಖಲೆ ಹುಡುಕುವುದು. ಆಗ ಕೊಂಡ ಎಕ್ಸ್‌ಚೇಂಜ್ ಈಗ ಇಲ್ಲ. ಈಥರನ್ನು ಬೇರೆ ಎಕ್ಸ್‌ಚೇಂಜಿಗೆ ಸಾಗಿಸಿದ್ದ. ನಮ್ಮದೇ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹೋದರೆ ಅದು ಮಾರಾಟ ಅಲ್ಲ, ತೆರಿಗೆ ಇಲ್ಲ. ಆದರೆ ಹೊಸ ಜಾಗಕ್ಕೆ ಕಾಯಿನ್ ಮಾತ್ರ ಬರುತ್ತದೆ, ಅದರ ಬೆಲೆ ಮತ್ತು ತಾರೀಕು ಬರುವುದಿಲ್ಲ. ಹೊಸ ಎಕ್ಸ್‌ಚೇಂಜಿನ ರಿಪೋರ್ಟಿನಲ್ಲಿ ಕೊಂಡ ಬೆಲೆ ಸೊನ್ನೆ ಅಂತಲೇ ಇತ್ತು. ಅದನ್ನೇ ನಂಬಿ ತುಂಬಿದ್ದರೆ ಜೂನ್‌ನ 1,10,000 ಪೂರ್ತಿ ಲಾಭ ಆಗಿಬಿಡುತ್ತಿತ್ತು. ಕೊನೆಗೆ ಹಳೆಯ ಇಮೇಲ್ ಒಂದು ಸಿಕ್ಕಿತು. ಅದೇ ದಿನ ಬ್ಯಾಂಕಿನಿಂದ ದುಡ್ಡು ಹೋಗಿದ್ದು ಪಾಸ್‌ಬುಕ್‌ನಲ್ಲಿತ್ತು. ಎರಡೂ ಸೇರಿಸಿ ಇಟ್ಟೆವು.

ತಾರೀಕಿನದು ಇನ್ನೊಂದು ಗೊಂದಲ. ಅವನ ಫೈಲಿನಲ್ಲಿ ಒಂದು ಸಣ್ಣ ಸ್ವಾಪ್ ಇತ್ತು:

`2025-03-31 20:30:00 UTC`

ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಇಲ್ಲಿ ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆ. ವರ್ಷವೇ ಬದಲಾಯಿತು, ಅಲ್ವಾ? ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೆ ಅದೂ ಮಾರಾಟವೇ. ರೂಪಾಯಿ ಕೈಗೆ ಬರದಿದ್ದರೂ ಆ ಹೊತ್ತಿನ ರೂಪಾಯಿ ಬೆಲೆ ಬರೆದಿಡಬೇಕು. ಹೊಸ ಕಾಯಿನ್‌ಗೆ ಅದೇ ಕೊಂಡ ಬೆಲೆ ಆಗುತ್ತದೆ. ಅದೃಷ್ಟಕ್ಕೆ ಆ ಸ್ವಾಪ್‌ನಲ್ಲಿ ಲಾಭ ಇರಲಿಲ್ಲ.

ಎರಡು ಮಾರಾಟದ ಮೇಲೂ ಎಕ್ಸ್‌ಚೇಂಜ್ ಶೇಕಡಾ 1 ಟಿಡಿಎಸ್ ಹಿಡಿದಿತ್ತು. 1,100 ಮತ್ತು 1,900. ನಷ್ಟದ ಮಾರಾಟಕ್ಕೂ ಹಿಡಿದಿದ್ದಾರೆ ನೋಡಿ. ಅವನ ಹೆಸರಲ್ಲಿ ಹಿಡಿದ ತೆರಿಗೆಯೆಲ್ಲ ಕಾಣುವ 26AS ಪಟ್ಟಿ ತೆಗೆದು ತಾಳೆ ಮಾಡಿದೆ, ಎರಡೂ ಇದ್ದವು. 43,680ರಲ್ಲಿ 3,000 ಕಳೆದು ಉಳಿದ 40,680 ಕಟ್ಟಬೇಕು.

ಹೊರಡುವ ಮುಂಚೆ ಅವನೇ ಒಂದು ಮಾತು ಹೇಳಿದ. ನವೆಂಬರಿನಲ್ಲಿ ಮತ್ತೊಂದಿಷ್ಟು ಕೊಂಡಿದ್ದಾನಂತೆ. ಕೋಲ್ಡ್ ಸ್ಟೋರೇಜ್ ಲಾಟ್‌ಗಳ ವಹಿಯನ್ನು ಬ್ಯಾಗಿನಿಂದ ತೆಗೆಸಿ, ಕೊನೆಯ ಹಾಳೆಯಲ್ಲಿ ನನ್ನ ಎದುರಿಗೇ ಬರೆಸಿದೆ. ತಾರೀಕು, ಹೊತ್ತು, ಎಷ್ಟು ಕಾಯಿನ್, ರೂಪಾಯಿ ಎಷ್ಟು, ಯಾವ ಬ್ಯಾಂಕಿನಿಂದ ಹೋಯಿತು, ಈಗ ಎಲ್ಲಿದೆ. ಮಾರಿದ ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾನೆ.