ಕಾಸರಗೋಡಿನಿಂದ ಕಂಡ ನ್ಯಾಯಾಂಗ ನಿಂದನೆ

ನ್ಯಾಯಾಂಗ ನಿಂದನೆ ಎಂದ ಕೂಡಲೇ ಬೆಂಗಳೂರಿನ ನಮ್ಮ ನೆಂಟರಿಗೆ ಕಾವೇರಿ ನೆನಪಾಗುತ್ತದೆ. ನೀರು ಬಿಡಿ ಎನ್ನುವ ಕೋರ್ಟು, ಎಲ್ಲಿಂದ ಬಿಡೋದು ಎನ್ನುವ ಸರ್ಕಾರ. ಅಲ್ಲಿ ಜನ ಸರ್ಕಾರದ ಬೆನ್ನಿಗಿರುತ್ತಾರೆ. ಕಾಸರಗೋಡಿನ ನಮಗೆ ನೆನಪಾಗುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಇಲ್ಲಿ ಕೋರ್ಟಿನ ಮಾತು ನಡೆಯಲಿ ಎಂದು ಕಾದವರೇ ಜನ.

ಎಣ್ಮಕಜೆಯ ಪಡ್ರೆಯಂಥ ಊರುಗಳ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಈ ವಿಷ ಸುರಿದಿದ್ದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ, ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿ 10ರಂದು. ಐದು ವರ್ಷ ಕಳೆದರೂ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಜನರಿಗೆ. ನಿಂದನೆ ಅರ್ಜಿ ಹಾಕಿದ ಆ ಎಂಟು ಜನರಿಗೆ ಮಾತ್ರ!

ಇದು ಸಿವಿಲ್ ನಿಂದನೆ. ಆದೇಶ ಗೊತ್ತಿದ್ದೂ ಬೇಕಂತಲೇ ಪಾಲಿಸದಿರುವುದು. ಈ ಅರ್ಜಿಯಲ್ಲಿ ಸುಮ್ನೆ 'ಸರ್ಕಾರ' ಎಂದು ಬರೆದು ಬಿಡುವುದಿಲ್ಲ, ಹೊಣೆ ಹೊತ್ತ ಅಧಿಕಾರಿಯ ಹೆಸರೇ ಇರುತ್ತದೆ. ಇಲ್ಲಿ ಮುಖ್ಯ ಕಾರ್ಯದರ್ಶಿಯ ಹೆಸರಿತ್ತು. ಜೈಲಿಗೆ ಹೋಗುವುದಾದರೆ ತಾನೇ ಹೋಗಬೇಕು ಎಂದು ಗೊತ್ತಾದಾಗ ಫೈಲು ಓಡುತ್ತದೆ. 2022ರ ಮೇ 13ರಂದು ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಸೂರ್ಯಕಾಂತ್ ಅವರ ಪೀಠ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಅರ್ಜಿದಾರರಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿತು. ಉಳಿದವರ ಹಣಕ್ಕಾಗಿ ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳು ಸಭೆ ನಡೆಸಬೇಕು ಎಂದಿತು.

ಕೋರ್ಟಿಗೆ ತನ್ನದೇ ಪೊಲೀಸರಿಲ್ಲ, ಖಜಾನೆಯೂ ಇಲ್ಲ. ಆದೇಶವನ್ನು ಕಸದ ಬುಟ್ಟಿಗೆ ಹಾಕಿದರೂ ಏನೂ ಆಗಲ್ಲ ಎಂದಾದರೆ ಹಾಸಿಗೆ ಹಿಡಿದ ಮಗುವಿನ ತಾಯಿ ಯಾರ ಹತ್ತಿರ ಹೋಗಬೇಕು? ನ್ಯಾಯಾಧೀಶರು ನಿಂದನೆಗೆ ಶಿಕ್ಷಿಸುವ ಅಧಿಕಾರವನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಇದಕ್ಕೇ. ಇಷ್ಟರ ಮಟ್ಟಿಗೆ ನಾನು ಪೂರ್ತಿ ಅವರ ಕಡೆ.

ಕ್ರಿಮಿನಲ್ ನಿಂದನೆಯ ದಾರಿ ಬೇರೆ. ನಡೆಯುತ್ತಿರುವ ವಿಚಾರಣೆಗೆ ಅಡ್ಡಿ ಮಾಡುವುದೂ, ಕೋರ್ಟಿನ ಮೇಲಿನ ನಂಬಿಕೆ ಕೆಡಿಸುವ ಮಾತೂ ಅದರಲ್ಲಿ ಬರುತ್ತವೆ. ಹೈಕೋರ್ಟಿಗೆ ಇಂಥ ಅರ್ಜಿ ಹಾಕಲು ಸಾಮಾನ್ಯ ಜನರಿಗೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟೇ ಕೈಗೆತ್ತಿಕೊಳ್ಳಬೇಕು. ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾಡ್ 1967ರ ಪತ್ರಿಕಾಗೋಷ್ಠಿಯಲ್ಲಿ, ನ್ಯಾಯಾಧೀಶರು ವರ್ಗದ್ವೇಷದಿಂದ ತೀರ್ಪು ಕೊಡುತ್ತಾರೆ ಎಂಬರ್ಥದ ಮಾತಾಡಿದ್ದರು. ಹೈಕೋರ್ಟ್ 1,000 ರೂಪಾಯಿ ದಂಡ ಹಾಕಿತು. 1970ರಲ್ಲಿ ಸುಪ್ರೀಂ ಕೋರ್ಟ್ ತಪ್ಪು ತಪ್ಪೇ ಎಂದರೂ ದಂಡವನ್ನು 50 ರೂಪಾಯಿಗೆ ಇಳಿಸಿತು.

ಆ 50 ರೂಪಾಯಿಯಿಂದ ಕೋರ್ಟಿನ ಮರ್ಯಾದೆ ಹೆಚ್ಚಿತು ಎಂದು ನನಗೆ ಅನಿಸುವುದಿಲ್ಲ. ಸಾಕ್ಷಿಯನ್ನು ಹೆದರಿಸಿದವರನ್ನು ಖಂಡಿತ ಶಿಕ್ಷಿಸಲಿ. ತೀರ್ಪು ಸರಿಯಿಲ್ಲ, ನ್ಯಾಯಾಧೀಶರು ಬಡವರ ಕಡೆ ನೋಡಲ್ಲ ಎಂದವರನ್ನು ಬಿಟ್ಟುಬಿಡಬಹುದು ಅಲ್ವಾ? ಅಂಥ ಕೇಸುಗಳಿಗೆ ಕೊಡುವ ಸಮಯವನ್ನು ಆಗ ಹಣ ಸಿಗದೇ ಉಳಿದಿದ್ದ 3,696 ಮಂದಿಗೆ ಕೊಟ್ಟಿದ್ದರೆ ನಮ್ಮೂರಲ್ಲಿ ಕೋರ್ಟಿನ ಬಗ್ಗೆ ಗೌರವ ಜಾಸ್ತಿಯೇ ಆಗುತ್ತಿತ್ತು.