ಬೊಗೊರೊದ ಲೆಕ್ಕ: 37 ಲಕ್ಷ ಡಾಲರ್ ನಷ್ಟ, ಕೈಗೆ ಸಿಕ್ಕಿದ್ದು 250

ಹೇಗ್‌ನ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ, ಅಂದರೆ ಐಸಿಸಿ, ಯಾರಿಗಾದರೂ ಶಿಕ್ಷೆ ವಿಧಿಸಿದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿ ಬರುತ್ತದೆ. ಕೊನೆಯ ಸಾಲಿನಲ್ಲಿ ‘ಸಂತ್ರಸ್ತರಿಗೆ ಪರಿಹಾರ ನೀಡಲೂ ಆದೇಶಿಸಲಾಗಿದೆ’ ಎಂದಿರುತ್ತದೆ. ಆ ಸಾಲಿನ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ಒಂದೇ ಪ್ರಕರಣ ಹಿಡಿದು ಹೇಳುತ್ತೇನೆ. ಕಾಂಗೋದ ಸಶಸ್ತ್ರ ಗುಂಪೊಂದರ ನಾಯಕ ಜರ್ಮೈನ್ ಕಟಾಂಗಾನ ಪ್ರಕರಣ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ: ಐಸಿಸಿ ನ್ಯಾಯಾಧೀಶರು ಒಬ್ಬೊಬ್ಬ ಸಂತ್ರಸ್ತರ ಅರ್ಜಿಯನ್ನೂ ಬಿಡಿಬಿಡಿಯಾಗಿ ಓದಿ, ಪ್ರತಿ ನಷ್ಟಕ್ಕೂ ಬೆಲೆ ಕಟ್ಟಿದ ಪ್ರಕರಣ ಇದು.

ಘಟನೆ ಇಷ್ಟು. 2003ರ ಫೆಬ್ರವರಿ 24ರ ನಸುಕಿನಲ್ಲಿ ಈಶಾನ್ಯ ಕಾಂಗೋದ ಇಟುರಿಯ ಬೊಗೊರೊ ಎಂಬ ಹಳ್ಳಿಯ ಮೇಲೆ ಸಶಸ್ತ್ರ ಗುಂಪುಗಳು ದಾಳಿ ಮಾಡಿದವು. ಹಳ್ಳಿಯವರಲ್ಲಿ ಹೆಚ್ಚಿನವರು ಹೇಮಾ ಜನಾಂಗದವರು, ದಾಳಿ ಮಾಡಿದವರು ನ್ಗಿಟಿ ಮತ್ತು ಲೆಂಡು ಹೋರಾಟಗಾರರು. ಜನರನ್ನು ಕೊಂದರು, ಮನೆ ಸುಟ್ಟರು, ದನಕರು ಹೊಡೆದುಕೊಂಡು ಹೋದರು. ಕಟಾಂಗಾ ವಿಚಾರಣೆ ಶುರುವಾಗಿದ್ದು 2009ರ ನವೆಂಬರ್‌ನಲ್ಲಿ, ತಪ್ಪಿತಸ್ಥ ಎಂಬ ತೀರ್ಪು 2014ರ ಮಾರ್ಚ್ 7ರಂದು, ಪರಿಹಾರದ ಆದೇಶ 2017ರ ಮಾರ್ಚ್ 24ರಂದು. ದಾಳಿಯಿಂದ ಪರಿಹಾರದ ಆದೇಶಕ್ಕೆ ಹದಿನಾಲ್ಕು ವರ್ಷ.

ಮೊದಲು ‘ಪಾಲ್ಗೊಳ್ಳುವಿಕೆ’ಯ ವಿಷಯ. ಐಸಿಸಿಯನ್ನು ಹುಟ್ಟುಹಾಕಿದ ಒಪ್ಪಂದವಾದ ರೋಮ್ ಸಂವಿಧಿಯ 68(3)ನೇ ವಿಧಿಯ ಪ್ರಕಾರ, ತಮ್ಮ ಹಿತಕ್ಕೆ ಧಕ್ಕೆಯಾಗುವ ಹಂತಗಳಲ್ಲಿ ಸಂತ್ರಸ್ತರು ತಮ್ಮ ಅಭಿಪ್ರಾಯ, ಆತಂಕಗಳನ್ನು ನ್ಯಾಯಾಲಯದ ಮುಂದಿಡಬಹುದು. ಆದರೆ ಆರೋಪಿಯ ಹಕ್ಕಿಗೆ ಚ್ಯುತಿ ಬರಬಾರದು, ಯಾವ ಹಂತದಲ್ಲಿ, ಯಾವ ರೀತಿ ಎಂಬುದನ್ನು ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ. ಇದಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ನಾಲ್ಕು ಸಂಗತಿ ಸಾಬೀತಾಗಬೇಕು: ನೀವು ಯಾರು, ನಿಮಗೆ ಏನು ಹಾನಿಯಾಯಿತು, ಆ ಹಾನಿ ಯಾವ ಅಪರಾಧದಿಂದ ಆಯಿತು, ಆ ಅಪರಾಧ ಈ ಆರೋಪಿಯ ಮೇಲಿನ ಆರೋಪಪಟ್ಟಿಯಲ್ಲಿ ಇದೆಯೇ. ಜನ ಎಡವುವುದು ಕೊನೆಯದರಲ್ಲಿ. ಪಕ್ಕದ ಹಳ್ಳಿಯಲ್ಲಿ, ಅದೇ ತಿಂಗಳು, ಅದೇ ಗುಂಪಿನವರು ನಿಮ್ಮ ಮನೆ ಸುಟ್ಟಿದ್ದರೂ ಪ್ರಾಸಿಕ್ಯೂಟರ್ ಬರೆದಿದ್ದು ಬೊಗೊರೊ ಒಂದನ್ನೇ ಆಗಿದ್ದರೆ ನೀವು ಈ ಪ್ರಕರಣದ ಸಂತ್ರಸ್ತರಲ್ಲ. ಯಾರು ಸಂತ್ರಸ್ತರು ಎಂಬುದನ್ನು ಅರ್ಧಕ್ಕರ್ಧ ತೀರ್ಮಾನಿಸುವವರು ಪ್ರಾಸಿಕ್ಯೂಟರ್, ಅದೂ ಅರ್ಜಿ ಫಾರಂ ಹಳ್ಳಿ ಮುಟ್ಟುವ ಎಷ್ಟೋ ಮೊದಲು.

ಗುರುತಿನ ಸಮಸ್ಯೆಯೂ ಸಣ್ಣದಲ್ಲ. ಮನೆ ಸುಟ್ಟಾಗ ಕಾಗದಪತ್ರಗಳೂ ಸುಟ್ಟಿರುತ್ತವೆ. ಅರ್ಜಿ ತುಂಬಿಸುವವರು ಸ್ಥಳೀಯ ಮಧ್ಯವರ್ತಿಗಳು. ಹೆಸರಿನ ಕಾಗುಣಿತ, ಹುಟ್ಟಿದ ವರ್ಷ, ಅಪ್ಪನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಐಸಿಸಿಯ ಮೊದಲ ವಿಚಾರಣೆಯಾದ ಲುಬಾಂಗಾ ಪ್ರಕರಣದಲ್ಲಿ ಸಂತ್ರಸ್ತರೆಂದು ಬಂದು ಸಾಕ್ಷಿ ನುಡಿದ ಮೂವರ ಸ್ಥಾನಮಾನವನ್ನು 2012ರ ತೀರ್ಪಿನಲ್ಲಿ ಹಿಂಪಡೆಯಲಾಯಿತು. ಅವರಲ್ಲಿ ಇಬ್ಬರು ಬೇರೆಯವರ ಹೆಸರು ಹೇಳಿಕೊಂಡು ಬಂದಿರಬಹುದು ಎಂಬ ಸಂಶಯ ನ್ಯಾಯಾಧೀಶರಿಗಿತ್ತು. ಅಲ್ಲಿಂದಾಚೆ ಪ್ರಾಮಾಣಿಕ ಅರ್ಜಿದಾರರೂ ಪ್ರತಿವಾದಿ ವಕೀಲರ ಅನುಮಾನ ಎದುರಿಸುವಂತಾದರೆ ಆಶ್ಚರ್ಯವೇನಿಲ್ಲ.

ಕಟಾಂಗಾ ವಿಚಾರಣೆಯಲ್ಲಿ 366 ಮಂದಿ ಪಾಲ್ಗೊಂಡರು. ಪಾಲ್ಗೊಂಡರು ಎಂದಾಕ್ಷಣ ಕೋರ್ಟ್ ಹಾಲ್‌ನಲ್ಲಿ ಕೂತಿದ್ದರು ಎಂದುಕೊಳ್ಳಬೇಡಿ. ಅವರ ಪರವಾಗಿ ಹೇಗ್‌ನಲ್ಲಿದ್ದದ್ದು ವಕೀಲರ ಎರಡು ತಂಡ: ಒಂದು ಮಾಜಿ ಬಾಲಯೋಧರಿಗೆ, ಇನ್ನೊಂದು ಉಳಿದವರೆಲ್ಲರಿಗೆ. ಸಾಕ್ಷಿಗೆ ಪ್ರಶ್ನೆ ಕೇಳಬೇಕಾದರೆ ಪೀಠದ ಅನುಮತಿ ಬೇಕು. ಸಂತ್ರಸ್ತರ ವಕೀಲರು ಎರಡನೇ ಪ್ರಾಸಿಕ್ಯೂಟರ್ ಆಗಬಾರದು ಎಂಬ ಕಾಳಜಿ ಇದರ ಹಿಂದಿದೆ, ಆ ಕಾಳಜಿ ನ್ಯಾಯವಾದದ್ದೇ. 366 ಜನರಲ್ಲಿ ಸಂತ್ರಸ್ತರಾಗಿ ಖುದ್ದು ಸಾಕ್ಷಿಕಟ್ಟೆ ಹತ್ತಿದವರು ಇಬ್ಬರು ಮಾತ್ರ. ಉಳಿದವರ ಮಟ್ಟಿಗೆ ಪಾಲ್ಗೊಳ್ಳುವಿಕೆ ಎಂದರೆ ವಕೀಲರು ಇಟುರಿಗೆ ಬಂದಾಗ ನಡೆಯುವ ಸಭೆ. ವಕೀಲರು ಬರುವುದು ಭದ್ರತೆ ಮತ್ತು ಕಾನೂನು ನೆರವಿನ ಬಜೆಟ್ ಎರಡೂ ಕೂಡಿಬಂದಾಗ.

ಇನ್ನು ಪರಿಹಾರ. ಐಸಿಸಿಯಲ್ಲಿ ಪರಿಹಾರದ ಆದೇಶ ಹೊರಡಬೇಕಾದರೆ ಶಿಕ್ಷೆಯಾಗಲೇಬೇಕು. ಕಟಾಂಗಾ ವಿಷಯದಲ್ಲಿ ಇದು ಕೂದಲೆಳೆಯಲ್ಲಿ ಪಾರಾದ ಕಥೆ. ಅದೇ ದಾಳಿಗೆ ಸಂಬಂಧಿಸಿ ಅವನ ಜೊತೆ ಆರೋಪಿಯಾಗಿದ್ದ ನ್ಗುಡ್ಜೊಲೊ 2012ರ ಡಿಸೆಂಬರ್‌ನಲ್ಲಿ ಖುಲಾಸೆಯಾದ. ಅದಕ್ಕೆ ಸ್ವಲ್ಪ ಮೊದಲು, ಸಾಕ್ಷ್ಯ ವಿಚಾರಣೆ ಮುಗಿದ ಮೇಲೆ, ಪೀಠದ ಬಹುಮತ ಕಟಾಂಗಾನ ಹೊಣೆಯ ಸ್ವರೂಪವನ್ನೇ ಬದಲಿಸುವ ಸೂಚನೆ ಕೊಟ್ಟಿತು: ಅಪರಾಧ ಎಸಗಿದವನೆಂಬ ಆರೋಪದ ಬದಲು ಗುಂಪಿನ ಅಪರಾಧಕ್ಕೆ ನೆರವಾದವನೆಂಬ ಹೊಣೆ. ಒಬ್ಬ ನ್ಯಾಯಾಧೀಶೆ ಇದಕ್ಕೆ ಕಟುವಾಗಿ ಭಿನ್ನಮತ ಬರೆದರು. ಈ ಬದಲಾವಣೆಯ ಆಧಾರದ ಮೇಲೆಯೇ ಅವನಿಗೆ ಶಿಕ್ಷೆಯಾದದ್ದು. ಅತ್ಯಾಚಾರ, ಲೈಂಗಿಕ ಗುಲಾಮಗಿರಿ, ಮಕ್ಕಳನ್ನು ಯುದ್ಧಕ್ಕೆ ಬಳಸಿದ ಆರೋಪಗಳಿಂದ ಅವನೂ ಖುಲಾಸೆಯಾದ. ಹೀಗಾಗಿ ಆ ಅಪರಾಧಗಳಿಗೆ ಈಡಾದವರಿಗೆ, ಆ ಕಾರಣಕ್ಕೆ, ಪರಿಹಾರದ ಆದೇಶದಲ್ಲಿ ಜಾಗವಿಲ್ಲ. ಅವು ನಡೆದೇ ಇಲ್ಲ ಎಂದು ನ್ಯಾಯಾಲಯ ಹೇಳಲಿಲ್ಲ. ಅತ್ಯಾಚಾರ ನಡೆದದ್ದನ್ನು ಒಪ್ಪಿತು, ಕಟಾಂಗಾನಿಗೆ ತಳುಕು ಹಾಕಲಾಗಲಿಲ್ಲ ಅಷ್ಟೇ. ಹೆಂಗಸೊಬ್ಬಳು ತನ್ನ ಸುಟ್ಟ ಮನೆಗೆ ಪರಿಹಾರ ಪಡೆಯಬಹುದು, ತನ್ನ ಮೇಲಾದ ಅತ್ಯಾಚಾರಕ್ಕೆ ಪಡೆಯುವಂತಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅಸಹನೀಯ ಅನ್ನಿಸುವುದು ಇದು.

ಪರಿಹಾರ ಕೋರಿ ಬಂದದ್ದು 341 ಅರ್ಜಿ. ಪೀಠ ಒಂದೊಂದನ್ನೂ ಪರಿಶೀಲಿಸಿ 297 ಮಂದಿಯನ್ನು ಒಪ್ಪಿಕೊಂಡಿತು. ಪುರಾವೆಯ ಮಟ್ಟ ಶಿಕ್ಷೆಗೆ ಬೇಕಾದಷ್ಟಲ್ಲ, ‘ಹೀಗಾಗಿರುವ ಸಾಧ್ಯತೆಯೇ ಹೆಚ್ಚು’ ಎಂದು ಕಂಡರೆ ಸಾಕು. ದಾಳಿಯ ಹೊತ್ತಿನಲ್ಲಿ ಬೊಗೊರೊದಲ್ಲಿದ್ದವರಿಗೆ ಮಾನಸಿಕ ಆಘಾತ ಆಗಿಯೇ ಇರುತ್ತದೆಂದು ಊಹಿಸಿಕೊಂಡರು. ಅಷ್ಟಾದರೂ ಬೆಲೆ ಕಟ್ಟಲೇಬೇಕಲ್ಲ. ಹತ್ತಿರದ ಸಂಬಂಧಿಯ ಸಾವಿನ ನೋವಿಗೆ 8,000 ಡಾಲರ್, ದೂರದ ಸಂಬಂಧಿಯಾದರೆ 4,000, ದಾಳಿಯನ್ನು ಅನುಭವಿಸಿದ್ದಕ್ಕೆ 2,000. ಮನೆ, ಸಾಮಾನು, ಬೆಳೆ, ದನಕರು ಬೇರೆ. ಎಲ್ಲ ಕೂಡಿಸಿ 37,52,620 ಡಾಲರ್. ಕಟಾಂಗಾನ ಪಾತ್ರಕ್ಕೆ ತಕ್ಕಂತೆ ಅವನ ಹೊಣೆ 10 ಲಕ್ಷ ಡಾಲರ್ ಎಂದು ನಿಗದಿ ಮಾಡಿದರು. ಪ್ರತಿಯೊಬ್ಬರಿಗೂ ಸಾಂಕೇತಿಕವಾಗಿ 250 ಡಾಲರ್, ಉಳಿದದ್ದು ಸಾಮೂಹಿಕ ರೂಪದಲ್ಲಿ: ಮನೆಗೆ ನೆರವು, ಜೀವನೋಪಾಯ, ಮಕ್ಕಳ ಓದು, ಮಾನಸಿಕ ಚಿಕಿತ್ಸೆ. ಲೆಕ್ಕ ಹಾಕಿದರೆ 297 ಜನರಿಗೆ ನಗದಾಗಿ ಹೋಗುವುದು 74,250 ಡಾಲರ್. ಉಳಿದ 9,25,750ನ್ನು ತಲೆಗೆ ಹಂಚಿದರೆ 3,100ರ ಆಸುಪಾಸು. ಕಟ್ಟಿದ ಬೆಲೆಯ ಸರಾಸರಿಯೋ, ತಲೆಗೆ 12,600 ದಾಟುತ್ತದೆ.

ಆ 10 ಲಕ್ಷವಾದರೂ ಕಟಾಂಗಾ ಕೊಟ್ಟನೇ? ಇಲ್ಲ. ಅವನು ನಿರ್ಗತಿಕ ಎಂದು ನ್ಯಾಯಾಲಯವೇ ಒಪ್ಪಿತ್ತು. ಇಲ್ಲಿ ಬರುವುದು ಸಂತ್ರಸ್ತರ ಟ್ರಸ್ಟ್ ಫಂಡ್. ಇದಕ್ಕೆ ಹಣ ಬರುವುದು ಮುಖ್ಯವಾಗಿ ದೇಶಗಳ ಸ್ವಯಂಪ್ರೇರಿತ ದೇಣಿಗೆಯಿಂದ. ನ್ಯಾಯಾಲಯ ಫಂಡ್‌ಗೆ ‘ಇಷ್ಟು ಕೊಡು’ ಎಂದು ಕಟ್ಟಪ್ಪಣೆ ಮಾಡುವಂತಿಲ್ಲ, ತೀರ್ಮಾನ ಫಂಡ್‌ನ ಮಂಡಳಿಯದ್ದು. ಮಂಡಳಿ ಒಪ್ಪಿ ಪೂರ್ತಿ 10 ಲಕ್ಷ ಕೊಟ್ಟಿತು. ಅದರಲ್ಲಿ ನೆದರ್ಲೆಂಡ್ಸ್ ಇದಕ್ಕೆಂದೇ ಮೀಸಲಿಟ್ಟ 2 ಲಕ್ಷ ಯೂರೋ ಸೇರಿತ್ತು. ಹೀಗೆ, ಅಪರಾಧಿಯ ಹೊಣೆ ಕಾಗದದ ಮೇಲೆ ಉಳಿಯಿತು, ಹಣ ತೆತ್ತದ್ದು ಅಪರಾಧಕ್ಕೆ ಸಂಬಂಧವೇ ಇಲ್ಲದ ದೇಶಗಳ ತೆರಿಗೆದಾರರು.

250 ಡಾಲರನ್ನು ಅವಮಾನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಗದು ಕೈಗೆ ಬಂದರೆ ಅದನ್ನು ಏನು ಮಾಡಬೇಕೆಂದು ಅವರೇ ತೀರ್ಮಾನಿಸಬಹುದು. ಸಾಮೂಹಿಕ ಪರಿಹಾರದಲ್ಲಿ ಆ ಸ್ವಾತಂತ್ರ್ಯ ಕಡಿಮೆ. ಊರು ಬಿಟ್ಟು ಚದುರಿಹೋದವರಿಗೆ ಇಟುರಿಯಲ್ಲಿ ನಡೆಯುವ ಕಾರ್ಯಕ್ರಮದಿಂದ ಏನುಪಯೋಗ? 2017ರ ಕೊನೆಯಿಂದ ಇಟುರಿಯಲ್ಲಿ ಮತ್ತೆ ಹಿಂಸೆ ಶುರುವಾಯಿತು, ಮರುವರ್ಷ ಎಬೋಲಾ ಬಂತು. ಸುಡುವ ಭಯವಿರುವ ಊರಲ್ಲಿ ಮನೆ ಕಟ್ಟಿಕೊಡುವುದು ಪರಿಹಾರವೋ ಅಪಾಯವೋ ಹೇಳುವುದು ಕಷ್ಟ.

ಒಬ್ಬೊಬ್ಬರ ಅರ್ಜಿ ಓದುವ ಪದ್ಧತಿಯ ಮಿತಿ ಎಲ್ಲಿ ಬಂತು ಎಂಬುದಕ್ಕೆ ಐದು ಅರ್ಜಿಗಳ ಗತಿ ನೋಡಿ. ಇವರು ದಾಳಿಯಿಂದ ನಲುಗಿದವರ ಮಕ್ಕಳು. ಹೆತ್ತವರ ಆಘಾತ ತಮಗೂ ಇಳಿದುಬಂದಿದೆ ಎಂಬುದು ಅವರ ಕೋರಿಕೆ. ಇವರಿಗೆ ಮಾನಸಿಕ ತೊಂದರೆ ಇರುವ ಸಾಧ್ಯತೆ ಇದೆ, ಆದರೆ ಅದಕ್ಕೂ ದಾಳಿಗೂ ಸಂಬಂಧ ಸಾಬೀತಾಗಿಲ್ಲ ಎಂದು ಪೀಠ ತಿರಸ್ಕರಿಸಿತು. 2018ರ ಮಾರ್ಚ್‌ನಲ್ಲಿ ಮೇಲ್ಮನವಿ ಪೀಠ, ಕಾರಣ ಸರಿಯಾಗಿ ಕೊಟ್ಟಿಲ್ಲವೆಂದು ಈ ಐದನ್ನು ಮಾತ್ರ ವಾಪಸ್ ಕಳಿಸಿತು. ಜುಲೈನಲ್ಲಿ ಕಾರಣ ಬರೆದು ಮತ್ತೆ ತಿರಸ್ಕರಿಸಲಾಯಿತು. ಅದೇ ಮೇಲ್ಮನವಿ ತೀರ್ಪಿನಲ್ಲಿ, ಕೊಡುವುದು ಸಾಂಕೇತಿಕ ಮತ್ತು ಸಾಮೂಹಿಕ ಪರಿಹಾರವಾದರೆ ಪ್ರತಿ ಅರ್ಜಿಯನ್ನೂ ಹೀಗೆ ಜಾಲಾಡುವುದು ಸೂಕ್ತ ದಾರಿಯಲ್ಲ ಎಂಬ ಟೀಕೆಯೂ ಇದೆ. ಟೀಕೆ ಸರಿಯೇ. ಆದರೂ ತನ್ನ ಅರ್ಜಿಗೆ ತನ್ನದೇ ಆದ ಉತ್ತರ ಬರುವುದಕ್ಕೂ ಒಂದು ಬೆಲೆಯಿದೆ, ಮತ್ತು ಅದು ಇನ್ನು ಸಿಗುವುದು ಕಷ್ಟ.

ಶಿಕ್ಷೆಯ ದಾರ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಕಾಂಗೋದ ಇನ್ನೊಬ್ಬ ಸಶಸ್ತ್ರ ಗುಂಪಿನ ನಾಯಕ ಬೆಂಬಾನ ಪ್ರಕರಣವಿದೆ. ಮಧ್ಯ ಆಫ್ರಿಕಾ ಗಣರಾಜ್ಯದ 5,229 ಸಂತ್ರಸ್ತರು ಪಾಲ್ಗೊಂಡಿದ್ದರು. 2016ರಲ್ಲಿ ಶಿಕ್ಷೆಯಾಯಿತು, 2018ರ ಜೂನ್ 8ರಂದು ಮೇಲ್ಮನವಿಯಲ್ಲಿ ಖುಲಾಸೆ. ಪರಿಹಾರದ ಪ್ರಕ್ರಿಯೆ ಅಲ್ಲಿಗೇ ನಿಂತಿತು. ನಮ್ಮಲ್ಲಿ ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಅಪರಾಧಿ ಪತ್ತೆಯಾಗದಿದ್ದರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಏಕೆಂದರೆ ಕೊಡುವುದು ಸರ್ಕಾರ. (ಎಷ್ಟು ಬೇಗ ಕೊಡುತ್ತದೆ ಎನ್ನುವುದು ಬೇರೆ ಮಾತು.) ಐಸಿಸಿಯ ಹಿಂದೆ ಅಂಥ ಸರ್ಕಾರವಿಲ್ಲ. ಟ್ರಸ್ಟ್ ಫಂಡ್‌ಗೆ ಶಿಕ್ಷೆಯ ಹಂಗಿಲ್ಲದೆ ನೆರವು ಕೊಡುವ ಇನ್ನೊಂದು ಅಧಿಕಾರವಿದೆ. ಬೆಂಬಾ ಖುಲಾಸೆಯಾದ ಮೇಲೆ ಅದನ್ನೇ ಬಳಸಿ ಅಲ್ಲಿನವರಿಗೆ ನೆರವು ನೀಡುವುದಾಗಿ ಫಂಡ್ ಹೇಳಿತು. ಆದರೆ ಅದು ನೆರವು, ಯಾರೂ ಹಕ್ಕಿನಿಂದ ಕೇಳುವಂಥದ್ದಲ್ಲ. ನನ್ನ ಪ್ರಕಾರ ದೇಶಗಳ ಹಣ ಹೆಚ್ಚು ಹೋಗಬೇಕಾದದ್ದು ಈ ಕಡೆಗೆ, ಏಕೆಂದರೆ ಬೊಗೊರೊದಲ್ಲಿ ಪರಿಹಾರದಿಂದ ಹೊರಗುಳಿದ ಹೆಂಗಸರನ್ನು ತಲುಪಲು ಇರುವ ದಾರಿ ಇದೊಂದೇ.

ಸಂಖ್ಯೆ ಬೆಳೆಯುತ್ತಲೇ ಇದೆ. ಉಗಾಂಡಾದ ಬಂಡುಕೋರ ಕಮಾಂಡರ್ ಡೊಮಿನಿಕ್ ಒಂಗ್ವೆನ್ ಪ್ರಕರಣದಲ್ಲಿ 2024ರ ಫೆಬ್ರವರಿ 28ರ ಆದೇಶದ ಮೊತ್ತ 5,24,29,000 ಯೂರೋ. ಅಂದಾಜು 49,772 ಸಂತ್ರಸ್ತರು, ತಲೆಗೆ 750 ಯೂರೋ ಸಾಂಕೇತಿಕ ಹಣ. ಅದೊಂದೇ 3 ಕೋಟಿ 73 ಲಕ್ಷ ಯೂರೋ ದಾಟುತ್ತದೆ. ಇಲ್ಲಿ ಒಬ್ಬೊಬ್ಬರ ಅರ್ಜಿ ಓದುವ ಮಾತೇ ಇರಲಿಲ್ಲ, 205 ಕಡತಗಳ ಮಾದರಿ ನೋಡಿ ಹಾನಿಯನ್ನು ಅಳೆದರು. ಒಂಗ್ವೆನ್ ಕೂಡ ನಿರ್ಗತಿಕ. ಹಣಕ್ಕಾಗಿ ಮತ್ತೆ ಅದೇ ಟ್ರಸ್ಟ್ ಫಂಡ್‌ನ ಬಾಗಿಲು, ಮತ್ತೆ ದೇಶಗಳ ದೇಣಿಗೆ. ಉತ್ತರ ಉಗಾಂಡಾದ ಹಳ್ಳಿಗಳಲ್ಲಿ ಈ 750ರ ಸುದ್ದಿ ಈಗಾಗಲೇ ಹರಡಿದೆ. ಅದನ್ನು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ, ಆದೇಶ ಬರೆದ ನ್ಯಾಯಾಧೀಶರೂ ದಿನಾಂಕ ಹೇಳಲಾರರು.