890 ಇದ್ದರೆ ಭಾರತದ್ದೇ? ಬಾರ್‌ಕೋಡ್ ಬಗ್ಗೆ ಸ್ಪಷ್ಟನೆ

"ಬಾರ್‌ಕೋಡ್ 890ರಿಂದ ಶುರುವಾದ್ರೆ ಭಾರತದಲ್ಲೇ ತಯಾರಾದದ್ದು. ಬಾರ್‌ಕೋಡ್ ಇಲ್ಲದಿದ್ರೆ ಅಮೆಜಾನ್‌ನಲ್ಲಿ ಮಾರೋಕಾಗಲ್ಲ. ನಿಜಾನಾ?"

ಎರಡೂ ತಪ್ಪು. 890 ಅಂದರೆ ಆ ಕಂಪನಿ ನಂಬರ್ ಪಡೆದದ್ದು ಜಿಎಸ್1 ಸಂಸ್ಥೆಯ ಭಾರತ ಶಾಖೆಯಿಂದ, ಅಷ್ಟೇ. ಮಾಲು ಚೀನಾದಲ್ಲೇ ತಯಾರಾಗಿರಬಹುದು.

ನಂಬರಿನಲ್ಲಿ 13 ಅಂಕಿ, ಕೊನೆಯದು ತಾಳೆ ನೋಡುವ ಅಂಕಿ. ಮೊದಲ 12 ಅಂಕಿ 890123456789 ಎಂದುಕೊಳ್ಳಿ. ಎಡದಿಂದ ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸಮ ಸ್ಥಾನದವು 34, ಅದರ ಮೂರು ಪಟ್ಟು 102. ಒಟ್ಟು 130. ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. 130 ಹತ್ತರ ಗುಣಕವೇ ಆದ್ದರಿಂದ ಇಲ್ಲಿ 0. ನಾನು ಸುಮ್ಮನೆ ಬರೆದ ನಂಬರೂ ಲೆಕ್ಕದಲ್ಲಿ ಪಾಸಾಯಿತು ನೋಡಿ! ಆದ್ದರಿಂದಲೇ ಅಮೆಜಾನ್ ಲೆಕ್ಕವನ್ನಷ್ಟೇ ನಂಬದೆ ಜಿಎಸ್1 ದಾಖಲೆಯ ಜೊತೆ ಹೋಲಿಸುತ್ತದೆ. ಅಗ್ಗಕ್ಕೆ ಸಿಗುವ ನಂಬರ್ ಬೇರೆ ಯಾರದೋ ಹೆಸರಲ್ಲಿದ್ದರೆ ಲಿಸ್ಟಿಂಗ್ ಬಿದ್ದುಹೋಗುತ್ತದೆ.

ಬ್ರ್ಯಾಂಡೆಡ್ ಸೋಪು, ಚಾರ್ಜರ್‌ಗಳಿಗೆ ಸಾಮಾನ್ಯವಾಗಿ ನಂಬರ್ ಬೇಕೇ ಬೇಕು. ಆದರೆ ಚನ್ನಪಟ್ಟಣದ ಗೊಂಬೆಯನ್ನು ಕೈಯಾರೆ ಮಾಡಿ ಮಾರುವವರು ಸೆಲ್ಲರ್ ಖಾತೆಯಲ್ಲಿ GTIN exemption, ಅಂದರೆ ಬಾರ್‌ಕೋಡ್ ನಂಬರಿನಿಂದ ವಿನಾಯಿತಿ ಕೇಳಬಹುದು. ವಿಭಾಗ ಆರಿಸಿ, ಬ್ರ್ಯಾಂಡ್ ಇಲ್ಲದಿದ್ದರೆ Generic ಎಂದು ಬರೆದು, ಗೊಂಬೆ ಮತ್ತು ಡಬ್ಬಿಯ ಎಲ್ಲ ಬದಿಯ ಫೋಟೊ ಹಾಕಬೇಕು. ಫೋಟೊದಲ್ಲಿ ಎಲ್ಲೋ ಮೂಲೆಯಲ್ಲಿ ಬಾರ್‌ಕೋಡ್ ಕಂಡರೂ ಅರ್ಜಿ ತಿರಸ್ಕಾರವಾಗಬಹುದು. ಹಳೆಯ ಡಬ್ಬಿ ಬಳಸುವವರು ಎಡವುವುದು ಇಲ್ಲೇ. ವಿನಾಯಿತಿ ಆ ಬ್ರ್ಯಾಂಡ್, ಆ ವಿಭಾಗಕ್ಕಷ್ಟೇ. ನಾಳೆ ಬಳೆ ಮಾರಿದರೆ ಮತ್ತೆ ಕೇಳಬೇಕು. ಕೈಯಿಂದ ಮಾಡಿದ ವಸ್ತುಗಳನ್ನು ಮಾರುವ ಆನ್‌ಲೈನ್ ತಾಣ ಎಟ್ಸಿಯಲ್ಲಿ ಈ ತಾಪತ್ರಯವೇ ಇಲ್ಲ.